ರಾತ್ರಿ ಹತ್ತೂಮುಕ್ಕಾಲರ ಫೋನು

ನಮ್ಮ ಮನೆಯಲ್ಲಿ ರಾತ್ರಿ ಹತ್ತೂಮುಕ್ಕಾಲಿಗೆ ಫೋನು ಬಂದರೆ ಯಾರೂ "ಯಾರದ್ದು?" ಎಂದು ಕೇಳುತ್ತಿರಲಿಲ್ಲ. ಹೆಂಡತಿ ಮಗ್ಗುಲು ಬದಲಾಯಿಸಿ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಿದ್ದಳು. ಪಕ್ಕದ ಕೋಣೆಯಿಂದ ಎಂಟನೇ ತರಗತಿಯ ಮೊಮ್ಮಗಳು "ತಾತಾ, ಮೂರ್ತಿ ತಾತಂದು" ಎಂದು ನಿದ್ದೆಯಲ್ಲೇ ಕೂಗುತ್ತಿದ್ದಳು. ನಾನು ಕನ್ನಡಕ ಹುಡುಕಿ, ಹಾಲ್‌ಗೆ ಬಂದು, ಕತ್ತಲಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಮತ್ತೆ ಹಾಸಿಗೆಗೆ ಬರುವಾಗ ಗಡಿಯಾರದಲ್ಲಿ ಹನ್ನೊಂದೂವರೆ, ಹನ್ನೊಂದೂಮುಕ್ಕಾಲು. ಕೆಲವು ದಿನ ಹನ್ನೆರಡೂ ದಾಟಿರುತ್ತಿತ್ತು.

ಮೂರ್ತಿ ಎನ್ನುವುದು ಅವನ ನಿಜವಾದ ಹೆಸರಲ್ಲ. ಇದನ್ನೆಲ್ಲ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, "ಹೆಸರು ಮಾತ್ರ ಹಾಕ್ಬೇಡ, ನನ್ನ ತಮ್ಮ ಈ ಪತ್ರಿಕೆ ಓದ್ತಾನೆ" ಎಂಬ ಒಂದೇ ಷರತ್ತಿನ ಮೇಲೆ. ನಾವಿಬ್ಬರೂ ಒಂದೇ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಹನ್ನೊಂದು ವರ್ಷ ಒಂದೇ ಶಾಖೆಯಲ್ಲಿ, ಎದುರುಬದುರು ಮೇಜಿನಲ್ಲಿ ಕುಳಿತಿದ್ದೇವೆ. ನನ್ನ ಮಗಳ ಮದುವೆಯಲ್ಲಿ ಅಡುಗೆಮನೆಯ ಉಸ್ತುವಾರಿ ಪೂರ್ತಿ ಅವನದೇ. ನಿವೃತ್ತಿಯಾದ ಮೇಲೆ ನಾನು ಮೈಸೂರಿನಲ್ಲಿ ಉಳಿದೆ, ಅವನು ಹಾಸನಕ್ಕೆ, ತಂದೆ ಕಟ್ಟಿಸಿದ ಮನೆಗೆ ಹೋದ.

ಅವನ ಹೆಂಡತಿ ತೀರಿಕೊಂಡ ಮೇಲೆ ಕೆಲವು ತಿಂಗಳು ಅವನು ಯಾರೊಂದಿಗೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ಶುರುವಾದದ್ದು ಈ ಫೋನು. ಮೊದಲು ವಾರಕ್ಕೊಂದು ಸಲ, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ದಿನಾ. ವಿಷಯಗಳು ಮೂರೇ: ಮನೆಯಲ್ಲಿ ಪಾಲು ಕೇಳುತ್ತಿದ್ದ ತಮ್ಮ, ಪುಣೆಯಿಂದ ಫೋನು ಮಾಡದ ಮಗ, ಮತ್ತು ಅವನ ಬಲ ಮಂಡಿ. ನಾನು "ಹೂಂ" ಅನ್ನುತ್ತಿದ್ದೆ. ಏನಾದರೂ ಪರಿಹಾರ ಹೇಳಿದರೆ "ಅದಲ್ಲ ಕಣೋ" ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ನಮ್ಮ ತಲೆಮಾರಿನವರಿಗೆ ರಾತ್ರಿ ಫೋನು ಮಾಡುವುದು ಒಂದು ಹಳೆಯ ಅಭ್ಯಾಸವೂ ಹೌದು. ಇದು ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಎಸ್.ಟಿ.ಡಿ. ಕಾಲದಲ್ಲಿ ಬೇರೆ ಊರಿಗೆ ಹಗಲು ಫೋನು ಮಾಡಿದರೆ ದುಬಾರಿ, ರಾತ್ರಿ ಹನ್ನೊಂದಾದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿತ್ತು. ಹಳದಿ ಬೋರ್ಡಿನ ಬೂತುಗಳ ಮುಂದೆ ಹತ್ತೂವರೆಗೇ ಸಾಲು ನಿಲ್ಲುತ್ತಿದ್ದೆವು. ಮನಸ್ಸು ಬಿಚ್ಚಿ ಮಾತನಾಡಬೇಕಾದರೆ ರಾತ್ರಿಯೇ ಆಗಬೇಕು ಎಂಬುದು ಆಗಲೇ ತಲೆಯಲ್ಲಿ ಕೂತಿರಬೇಕು. ಈಗ ದರದ ಚಿಂತೆಯಿಲ್ಲ. ಆದರೆ ಆಗ ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡಿ ಮೂರು ನಿಮಿಷಕ್ಕೆ ಮಾತು ಮುಗಿಸುತ್ತಿದ್ದೆವು ಎಂಬುದನ್ನೂ ಹೇಳಬೇಕು.

ನನಗೆ ಎಪ್ಪತ್ನಾಲ್ಕು. ಈ ವಯಸ್ಸಿನ ನಿದ್ದೆಯ ರೀತಿಯೇ ಬೇರೆ. ಸಂಜೆ ಬೇಗ ತೂಕಡಿಕೆ, ಬೆಳಗಿನ ಜಾವ ನಾಲ್ಕೂವರೆಗೆ ತಾನಾಗಿ ಎಚ್ಚರ. ಗಾಢ ನಿದ್ದೆಯ ಪಾಲು ಚಿಕ್ಕಂದಿಗಿಂತ ತುಂಬ ಕಡಿಮೆ, ಒಮ್ಮೆ ಮುರಿದರೆ ಮತ್ತೆ ಹತ್ತುವುದೂ ಕಷ್ಟ. ಹನ್ನೆರಡಕ್ಕೆ ಫೋನು ಇಟ್ಟರೆ ಮೂರ್ತಿಯ ತಮ್ಮನ ಮೇಲಿನ ಸಿಟ್ಟು ನನ್ನ ತಲೆಯಲ್ಲಿ ಒಂದು ಗಂಟೆ ಸುತ್ತುತ್ತಿತ್ತು. ಆ ತಮ್ಮನನ್ನು ನಾನು ನೋಡಿದ್ದು ಎರಡೇ ಸಲ! ಎಷ್ಟು ತಡವಾಗಿ ಮಲಗಿದರೂ ನಾಲ್ಕೂವರೆಗೆ ಮಾತ್ರ ಎಚ್ಚರ ತಪ್ಪುತ್ತಿರಲಿಲ್ಲ.

ಹೀಗೇ ಒಂದು ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ನೆನಪಾಗದೆ ಇನ್ನೊಂದು ನುಂಗಿಬಿಟ್ಟೆ. ಅರ್ಧ ಗಂಟೆಯ ನಂತರ ಬಚ್ಚಲುಮನೆಯಿಂದ ಬರುವಾಗ ಕಣ್ಣು ಕತ್ತಲಿಟ್ಟಿತು. ಸ್ಕೂಲಿಗೆ ಹೊರಟಿದ್ದ ಮೊಮ್ಮಗಳು ಬ್ಯಾಗು ಬಿಸಾಡಿ ಬಂದು ಹಿಡಿದುಕೊಳ್ಳದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ಆ ದಿನ ಹೆಂಡತಿ ಬಯ್ಯಲಿಲ್ಲ. "ಅವರ ಹತ್ರ ಮಾತಾಡ್ಬೇಡಿ ಅನ್ನಲ್ಲ. ಹೊತ್ತು ಬದಲಾಯ್ಸಿ" ಎಂದಳು, ಅಷ್ಟೆ.

ನಾನು ಮಾಡಿದ ತಪ್ಪುಗಳನ್ನೂ ಬರೆಯುತ್ತೇನೆ. ಮೊದಲು ಉಪಾಯ ಹೂಡಿದೆ. ಒಂಬತ್ತೂವರೆಗೇ ಫೋನು ಸ್ವಿಚ್ ಆಫ್ ಮಾಡಿ, ಬೆಳಿಗ್ಗೆ "ಚಾರ್ಜ್ ಮುಗಿದಿತ್ತು ಕಣೋ" ಎಂದೆ. ಎರಡನೇ ದಿನವೂ ಅದನ್ನೇ ಹೇಳಿದೆ. ಮೂರನೇ ದಿನ ಅವನು ನನ್ನ ಹೆಂಡತಿಯ ಫೋನಿಗೆ ಮಾಡಿ, "ಅವನ ಬ್ಯಾಟರಿ ಹೋಗಿದೆ ಅನ್ಸುತ್ತೆ ಅಮ್ಮಾ, ಬದಲಾಯಿಸೋಕೆ ಹೇಳಿ" ಎಂದ. ನನಗೆ ನಾಚಿಕೆಯಾಯಿತು. ಅದೂ ಅಲ್ಲದೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ರಾತ್ರಿ ಫೋನು ಪೂರ್ತಿ ಆಫ್ ಮಾಡಿ ಮಲಗುವ ಧೈರ್ಯ ಯಾವ ತಂದೆಗಿದೆ?

ಎರಡನೆಯದು ಇನ್ನೂ ದೊಡ್ಡ ತಪ್ಪು. ಒಂದು ರಾತ್ರಿ ಹನ್ನೊಂದೂವರೆಗೆ, ಮಂಡಿಯ ಡಾಕ್ಟರ ಕತೆ ನಾಲ್ಕನೇ ಸಲ ಬಂದಾಗ, ನನ್ನ ಬಾಯಿಂದ "ಇಷ್ಟು ಹೊತ್ತಲ್ಲಿ ಯಾರಾದ್ರೂ ಫೋನ್ ಮಾಡ್ತಾರೇನೋ? ನಮಗೂ ಮನೆ ಮಠ ಇಲ್ವಾ?" ಎಂಬ ಮಾತು ಹೊರಬಿತ್ತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಸರಿ ಕಣೋ, ಮಲ್ಕೋ" ಎಂದು ಇಟ್ಟುಬಿಟ್ಟ. "ಮನೆ ಮಠ" ಎಂಬ ಮಾತನ್ನು ಹೆಂಡತಿ ಕಳೆದುಕೊಂಡವನಿಗೆ ಹೇಳಿದ್ದೆ ಎಂದು ನನಗೆ ಹೊಳೆದದ್ದು ಹಾಸಿಗೆಗೆ ಬಂದ ಮೇಲೆ. ಅದಾದ ಮೇಲೆ ಒಂಬತ್ತು ದಿನ ಫೋನು ಬರಲಿಲ್ಲ. ಆ ಒಂಬತ್ತು ದಿನವೂ ಹತ್ತೂಮುಕ್ಕಾಲಿಗೆ ನನಗೆ ಎಚ್ಚರವಾಗುತ್ತಿತ್ತು.

ಹೇಳಿದ ಮಾತಿಗಿಂತ ಹೇಳಿದ ಹೊತ್ತು ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಅವನು ನೋವು ಹೇಳಿಕೊಳ್ಳುತ್ತಿರುವ ಮಧ್ಯದಲ್ಲೇ "ಈ ಹೊತ್ತಲ್ಲಿ ಬೇಡ" ಎಂದರೆ, ಅವನ ಕಿವಿಗೆ ಬೀಳುವುದು "ನಿನ್ನ ನೋವು ಬೇಡ" ಎಂದೇ. ಅದೇ ಮಾತನ್ನು ಬೆಳಿಗ್ಗೆ ಹತ್ತಕ್ಕೆ, ಅವನು ಕಾಫಿ ತಿಂಡಿ ಮುಗಿಸಿ ಸಮಾಧಾನವಾಗಿ ಕುಳಿತಾಗ ಹೇಳಿದರೆ ಬರೀ ಗಂಟೆಯ ಮಾತಾಗಿ ಉಳಿಯುತ್ತದೆ.

ಹತ್ತನೇ ದಿನ ವಾಟ್ಸಾಪಿನಲ್ಲಿ ಬರೆದು ಕಳಿಸೋಣವೆಂದು ಕುಳಿತೆ. ಬರೆದದ್ದನ್ನು ಮೊಮ್ಮಗಳಿಗೆ ತೋರಿಸಿದೆ. "ಆರೋಗ್ಯದ ಕಾರಣದಿಂದ ರಾತ್ರಿ 9.30ರ ನಂತರ ಕರೆ ಸ್ವೀಕರಿಸಲು ಸಾಧ್ಯವಿರುವುದಿಲ್ಲ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ." ಅವಳು ಬಿದ್ದು ಬಿದ್ದು ನಕ್ಕಳು. "ತಾತಾ, ಇದು ಬ್ಯಾಂಕ್ ಬಾಗಿಲಿಗೆ ಅಂಟಿಸೋ ಬೋರ್ಡು!" ಮೂವತ್ತಾರು ವರ್ಷ ಬರೆದದ್ದೇ ಅಂಥ ವಾಕ್ಯಗಳು, ಏನು ಮಾಡಲಿ?

ಆಮೇಲೆ ಅವಳು ತನ್ನದೊಂದು ಸಂಗತಿ ಹೇಳಿದಳು. ಅವಳ ತರಗತಿಯ ಗೆಳತಿಯೊಬ್ಬಳು ರಾತ್ರಿ ಹತ್ತೂವರೆಯ ಮೇಲೆ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳಂತೆ. ಮನೆಯಲ್ಲಿ ಅಪ್ಪ ಅಮ್ಮನ ಜಗಳ, ಅದನ್ನು ಕೇಳಿಕೊಂಡು ಮಲಗಲಾಗದೆ ಇವಳಿಗೆ ಹೇಳುತ್ತಿದ್ದಳು. ಇವಳು ಒಂದು ದಿನ ಊಟದ ಬಿಡುವಿನಲ್ಲಿ ಅವಳನ್ನು ಬೇರೆ ಕರೆದುಕೊಂಡು ಹೋಗಿ, "ರಾತ್ರಿ ಫೋನು ನಮ್ಮನೇಲಿ ಅಜ್ಜಿ ಹತ್ರ ಇರುತ್ತೆ, ನಾನು ಕೇಳಿಸ್ಕೊಳ್ಳೋಕೆ ಆಗಲ್ಲ. ಆದ್ರೆ ನೀನು ಹೇಳೋದು ನನಗೆ ಬೇಕು. ನಾಳೆಯಿಂದ ಪ್ರೇಯರ್‌ಗೆ ಕಾಲು ಗಂಟೆ ಮುಂಚೆ ನೀರಿನ ಟ್ಯಾಂಕ್ ಹತ್ರ ಬರ್ತೀನಿ, ನೀನೂ ಬಾ" ಎಂದಳಂತೆ. ಆ ವರ್ಷವಿಡೀ ಬೇಗ ಹೋಗುತ್ತಿದ್ದುದು ಅದಕ್ಕೇ ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಅದನ್ನು ಓದಿನ ಶ್ರದ್ಧೆ ಎಂದು ತಿಳಿದಿದ್ದೆ!

ಹದಿಮೂರು ವರ್ಷದ ಹುಡುಗಿ ಯಾರೂ ಹೇಳಿಕೊಡದೆ ಮಾಡಿದ್ದನ್ನು ಗಮನಿಸಿ. ಹಗಲು ಹೇಳಿದಳು, ಎದುರಿಗೆ ಹೇಳಿದಳು, ಕಾರಣ ಒಂದೇ ಕೊಟ್ಟಳು, ಅದೂ ನಿಜವಾದದ್ದು. ಮತ್ತು ಬೇಡವೆಂದ ಗಂಟೆಯ ಬದಲಿಗೆ ಬೇರೆ ಗಂಟೆಯನ್ನೂ ಜಾಗವನ್ನೂ ತಾನೇ ಗೊತ್ತುಮಾಡಿದಳು. "ಯಾವಾಗಾದ್ರೂ ಮಾತಾಡೋಣ" ಎಂದಿದ್ದರೆ ಆ ಹುಡುಗಿ ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಇಂಥ ಗೆಳತಿಯ ಮಾತಿನಲ್ಲಿ ಹೊಡೆತ ಬಡಿತ, ಓಡಿಹೋಗುವುದು, ಬದುಕಿರಬಾರದು ಎನ್ನುವಂಥದ್ದು ಬಂದರೆ ಮಾತ್ರ ಬೆಳಗಿನವರೆಗೂ ಕಾಯಬಾರದು ಎಂದು ನಾನು ಮೊಮ್ಮಗಳಿಗೆ ಸೇರಿಸಿ ಹೇಳಿದೆ. ಗುಟ್ಟು ಬಿಡುವುದಿಲ್ಲ ಎಂದು ಆಣೆ ಮಾಡಿದ್ದರೂ ಸರಿ, ಆ ರಾತ್ರಿಯೇ ಮನೆಯ ದೊಡ್ಡವರನ್ನು ಎಬ್ಬಿಸಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ.

ಹಾಸನದ ಬಸ್ಸು

ಹನ್ನೊಂದನೇ ದಿನ ಹೆಂಡತಿ ಮಾಡಿಕೊಟ್ಟ ಕೋಡುಬಳೆ ಡಬ್ಬಿ ಹಿಡಿದು ಹಾಸನದ ಬಸ್ಸು ಹತ್ತಿದೆ. ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಹೆಂಡತಿಯ ಮೇಲೆ ಹಾಕಬಾರದು ಎಂದು ಮೊದಲೇ ನಿರ್ಧರಿಸಿದ್ದೆ. "ನಮ್ಮನೆಯವಳಿಗೆ ತೊಂದರೆ ಆಗುತ್ತೆ" ಎಂದರೆ ಸುಲಭವಾಗಿ ಮುಗಿಯುತ್ತಿತ್ತು, ಆದರೆ ಆಮೇಲೆ ಅವನು ನಮ್ಮ ಮನೆಗೆ ಬಂದಾಗ ಅವಳ ಮುಖ ಹೇಗೆ ನೋಡುತ್ತಾನೆ?

ಅವನ ಮನೆಯಲ್ಲಿ ಒಂದು ರಾತ್ರಿ ಉಳಿದದ್ದು ಒಳ್ಳೆಯದಾಯಿತು. ಹೇಳಬೇಕಾದ್ದನ್ನು ಮೊದಲ ದಿನ ಹೇಳಲೇ ಇಲ್ಲ. ಸಂಜೆ ಇಬ್ಬರೂ ಹೊರಗೆ ಹೋಗಿ ತರಕಾರಿ ತಂದೆವು, ಅವನೇ ಬೇಳೆ ಸಾರು ಮಾಡಿದ. ಎಂಟಕ್ಕೆ ಊಟ, ಆಮೇಲೆ ಟಿ.ವಿ. ಹತ್ತೂವರೆಗೆ ಅವನು ನೋಡುವ ಕೊನೆಯ ಧಾರಾವಾಹಿ ಮುಗಿಯಿತು. ರಿಮೋಟ್ ಒತ್ತಿದ. ಆ ಕ್ಷಣ ಆ ಮನೆ ಎಷ್ಟು ಸದ್ದಿಲ್ಲದಾಯಿತು ಎಂದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಹಾಲ್‌ವರೆಗೆ ಕೇಳಿಸಿತು. ಅವನು ಎದ್ದು ಬಾಗಿಲ ಚಿಲಕ ನೋಡಿ ಬಂದ, ಗ್ಯಾಸ್ ನೋಡಿ ಬಂದ, ಮತ್ತೆ ಅದೇ ಕುರ್ಚಿಯಲ್ಲಿ ಕುಳಿತ. ಕೈ ತಾನಾಗಿ ಟೀಪಾಯಿಯ ಮೇಲಿದ್ದ ಫೋನಿನ ಕಡೆ ಹೋಯಿತು. ಗಡಿಯಾರದಲ್ಲಿ ಹತ್ತೂಮುಕ್ಕಾಲು.

ಇಷ್ಟು ದಿನ ಅವನು ಫೋನು ಮಾಡಿಸುತ್ತಿರುವುದು ತಮ್ಮನ ಪಾಲು ಎಂದು ನಾನು ತಿಳಿದಿದ್ದೆ. ಫೋನು ಮಾಡಿಸುತ್ತಿದ್ದದ್ದು ಟಿ.ವಿ. ಆರಿದ ಮೇಲಿನ ಈ ಮನೆ. ತಮ್ಮ, ಮಗ, ಮಂಡಿ ಎಲ್ಲ ಫೋನು ಎತ್ತಿದ ಮೇಲೆ ಆಡಲು ಸಿಗುತ್ತಿದ್ದ ಮಾತುಗಳು. ನಾನು ಹೇಳಿದ ಯಾವ ಪರಿಹಾರವೂ ಅವನಿಗೆ ಬೇಡವಾಗಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ಅವನ ಹೆಂಡತಿ ಇದ್ದಾಗ ಈ ಹೊತ್ತಿನಲ್ಲಿ ಇಬ್ಬರೂ ನಾಳೆಯ ತಿಂಡಿ ಏನು ಎಂದು ಮಾತಾಡುತ್ತಿದ್ದರಂತೆ. ಹೇಳಿ ಸ್ವಲ್ಪ ನಕ್ಕ.

ಮಾರನೇ ಬೆಳಿಗ್ಗೆ ಉಪ್ಪಿಟ್ಟು ಮುಗಿದ ಮೇಲೆ ವಿಷಯ ತೆಗೆದೆ. ಸಾಧ್ಯವಾದಷ್ಟು ಆಡಿದ ಹಾಗೆಯೇ ಬರೆಯುತ್ತೇನೆ.

"ಅವತ್ತು ರಾತ್ರಿ ನಾನು ಆಡಿದ್ದು ತಪ್ಪು. ನಿನ್ನ ಮಾತು ನನಗೆ ಬೇಕು. ನೀನು ಹೇಳ್ಕೊಳ್ಳದೆ ಇದ್ರೆ ನನಗೇ ಸರಿಹೋಗಲ್ಲ, ಒಂಬತ್ತು ದಿನ ನೋಡಿದೀನಿ. ಆದ್ರೆ ನನಗೆ ಹತ್ತರ ಮೇಲೆ ಎದ್ದು ಕೂತ್ರೆ ಮತ್ತೆ ನಿದ್ದೆ ಹತ್ತಲ್ಲ. ಹೋದ ತಿಂಗಳು ಹಾಗೇ ಆಗಿ ಮಾತ್ರೆ ಎರಡು ಸಲ ನುಂಗಿ ಬೀಳೋದ್ರಲ್ಲಿದ್ದೆ. ಅದಕ್ಕೆ ಸಂಜೆ ಏಳೂವರೆಗೆ ನಾನೇ ಮಾಡ್ತೀನಿ, ದಿನಾ. ಅರ್ಧ ಗಂಟೆ. ಏನಿದ್ರೂ ಆಗ ಹೇಳು."

ಅವನು ತಟ್ಟೆ ನೋಡುತ್ತ ಕುಳಿತಿದ್ದ. "ಮಾತ್ರೆ ವಿಷಯ ಯಾಕೋ ಹೇಳ್ಲಿಲ್ಲ?" ಎಂದ. ಆ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಇನ್ನೊಬ್ಬರ ಮನಸ್ಸು ನೋಯಿಸಬಾರದು ಎಂದು ಮುಚ್ಚಿಟ್ಟುಕೊಂಡದ್ದನ್ನು ಅವರು ಹೇಗೆ ಊಹಿಸಬೇಕು? ಅವನಿಗೆ ನಾನು ರಾತ್ರಿ ಎಚ್ಚರವಿದ್ದು ಹರಟೆಗೆ ಕಾಯುವವನು ಎಂದೇ ಅನ್ನಿಸಿತ್ತು. ಪ್ರತಿ ರಾತ್ರಿ "ಮಲಗಿದ್ಯಾ?" ಎಂದು ಅವನು ಕೇಳುತ್ತಿದ್ದ, "ಇಲ್ಲಪ್ಪ, ಹೇಳು" ಎಂದು ನಾನೇ ಹೇಳುತ್ತಿದ್ದೆ.

ಉಳಿದದ್ದು ಹತ್ತೂಮುಕ್ಕಾಲಿನ ಆ ಸದ್ದಿಲ್ಲದ ಹೊತ್ತು. ಏಳೂವರೆಗೆ ಎಷ್ಟು ಮಾತಾಡಿದರೂ ಟಿ.ವಿ. ಆರಿದ ಮೇಲೆ ಅದು ಬಂದೇ ಬರುತ್ತದೆ. ಇಲ್ಲಿ ನಮ್ಮ ಬ್ಯಾಂಕಿನ ವಿದ್ಯೆ ಉಪಯೋಗಕ್ಕೆ ಬಂತು. ಮಕ್ಕಳಿಗಾಗಿ ಹೇಳುತ್ತೇನೆ: ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ, ಎಷ್ಟು ಹುಡುಕಿದರೂ ವ್ಯತ್ಯಾಸ ಎಲ್ಲಿದೆ ಎಂದು ಸಿಗದಿದ್ದರೆ, ಆ ಮೊತ್ತವನ್ನು "ಸಸ್ಪೆನ್ಸ್ ಖಾತೆ" ಎಂಬುದಕ್ಕೆ ತಾತ್ಕಾಲಿಕವಾಗಿ ಹಾಕಿ ತಾರೀಖು ಬರೆದು ಮನೆಗೆ ಹೋಗುತ್ತಿದ್ದೆವು. ಮಾರನೇ ದಿನ ತಾಜಾ ಕಣ್ಣಿಗೆ ಎಷ್ಟೋ ಸಲ ತಪ್ಪು ತಾನಾಗಿ ಕಾಣುತ್ತಿತ್ತು. "ಟಿ.ವಿ. ಪಕ್ಕ ಒಂದು ಹಳೇ ಡೈರಿ ಇಟ್ಕೋ. ರಾತ್ರಿ ತಲೆಗೆ ಬಂದದ್ದನ್ನ ಸಸ್ಪೆನ್ಸ್‌ಗೆ ಹಾಕು. ನಾಳೆ ಏಳೂವರೆಗೆ ನಾನು ಕೇಳ್ತೀನಿ" ಎಂದೆ. ಮೂರ್ತಿ ಕನ್ನಡಕದ ಮೇಲಿಂದ ನೋಡಿದ. "ಸಸ್ಪೆನ್ಸ್‌ನಲ್ಲಿ ಹಳೇ ಎಂಟ್ರಿ ಹಾಗೇ ಉಳಿದ್ರೆ ಆಡಿಟರ್ ಬಿಡಲ್ಲ ಗೊತ್ತಲ್ಲ?"

ಅವನು ತಮಾಷೆಗೆ ಹೇಳಿದರೂ ಎಲ್ಲ ನಿಂತದ್ದು ಅದರ ಮೇಲೆಯೇ. ನಾನು ಮಾರನೇ ದಿನ ನಿಜವಾಗಿ ಕೇಳಿದರೆ ಮಾತ್ರ ಡೈರಿಗೆ ಬೆಲೆ. ಎರಡು ದಿನ ಮರೆತರೆ ಮೂರನೇ ರಾತ್ರಿ ಫೋನು ಬರುತ್ತದೆ, ಬರಬೇಕಾದ್ದೇ. ಮೊದಲ ತಿಂಗಳು ನಾನು ಏಳೂ ಇಪ್ಪತ್ತಕ್ಕೆ ಅಲಾರಂ ಇಟ್ಟುಕೊಂಡಿದ್ದೆ. ಮದುವೆ ಮನೆಗೆ ಹೋದಾಗ ಕೂಡ ಹೊರಗೆ ಬಂದು ಐದು ನಿಮಿಷ ಮಾತಾಡಿದೆ. ರಾತ್ರಿ ತಲೆಗೆ ಬರುವುದನ್ನು, ನಾಳೆ ಮಾಡಬೇಕಾದ್ದನ್ನು ಬರೆದಿಟ್ಟರೆ ನಿದ್ದೆ ಬೇಗ ಬರುತ್ತದೆ ಎಂದು ಬಲ್ಲವರೂ ಹೇಳುತ್ತಾರೆ. ಮೂರ್ತಿಗೆ ಡೈರಿಯಿಂದಲೇ ನಿದ್ದೆ ಬಂತೋ ಏಳೂವರೆಯ ಮಾತಿನಿಂದ ಬಂತೋ ನಾನು ಹೇಳಲಾರೆ. ಒಂದಂತೂ ನಿಜ: ರಾತ್ರಿ ಅರ್ಧ ಪುಟ ತುಂಬಿದ ಸಿಟ್ಟು ಸಂಜೆ ಓದುವಾಗ ಎರಡು ಸಾಲಿಗೆ ಇಳಿಯುತ್ತಿತ್ತು. "ಇದನ್ನ ಯಾಕೆ ಬರ್ದಿದೀನೋ" ಎಂದು ಅವನೇ ಎಷ್ಟೋ ಸಲ ಮುಂದಿನ ಪುಟಕ್ಕೆ ಹೋಗಿದ್ದಾನೆ.

ಎರಡನೇ ರಿಂಗು

ರಾತ್ರಿ ನಿಜವಾಗಿ ಏನಾದರೂ ಆದರೆ? ಒಬ್ಬನೇ ಇರುವ ಎಪ್ಪತ್ಮೂರರ ಮನುಷ್ಯನಿಗೆ "ಫೋನು ಮಾಡಬೇಡ" ಎಂದು ಹೇಳಿ ಬರುವಾಗ ಇದನ್ನು ಬಿಟ್ಟು ಬರುವ ಹಾಗಿಲ್ಲ. ಹಾಸನದಿಂದ ಹೊರಡುವ ಮುಂಚೆ ಪಕ್ಕದ ಮನೆಯವರ ನಂಬರನ್ನು ಅವನ ಎದುರಿಗೇ ಕೇಳಿ ಬರೆದುಕೊಂಡೆ. ನಾನು ಮೈಸೂರಿನಿಂದ ಓಡಿ ಹೋಗುವಷ್ಟರಲ್ಲಿ ಬೆಳಗಾಗುತ್ತದೆ, ಅವರು ಎರಡು ನಿಮಿಷಕ್ಕೆ ಬರುತ್ತಾರೆ. ಎದೆ ನೋವು, ಬಿದ್ದದ್ದು, ಉಸಿರು ಕಟ್ಟುವುದು ಇಂಥದ್ದಕ್ಕೆ ಮೊದಲು 108 ಆಂಬುಲೆನ್ಸ್, ಆಮೇಲೆ ಪಕ್ಕದ ಮನೆ, ಆಮೇಲೆ ನಾನು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅವನ ಫ್ರಿಜ್ಜಿಗೆ ಅಂಟಿಸಿದೆವು.

ಫೋನಿನ ವ್ಯವಸ್ಥೆಯನ್ನು ಮೊಮ್ಮಗಳು ಮಾಡಿಕೊಟ್ಟಳು. ನನ್ನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Do Not Disturb ಎಂದಿದೆ. ಅದರಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಐದು ಎಂದು ಗಂಟೆ ಕೊಟ್ಟರೆ ಆ ಹೊತ್ತಿನಲ್ಲಿ ಕರೆ ಬಂದರೂ ಸದ್ದಾಗುವುದಿಲ್ಲ. ನಕ್ಷತ್ರದ ಗುರುತು ಹಾಕಿದ ಕೆಲವು ನಂಬರುಗಳಿಗೆ ಮಾತ್ರ ಮೊದಲ ಸಲವೇ ಸದ್ದಾಗುವಂತೆ ಮಾಡಬಹುದು. ನನ್ನ ಮಗಳಿಗೆ ಆ ನಕ್ಷತ್ರವಿದೆ. ಅಲ್ಲೇ Repeat callers ಎಂಬ ಇನ್ನೊಂದು ಸಾಲಿದೆ. ಅದನ್ನು ಆನ್ ಮಾಡಿದರೆ, ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದಾಗ ಫೋನು ಸದ್ದು ಮಾಡುತ್ತದೆ. ಮೂರ್ತಿಗೆ ನಕ್ಷತ್ರ ಹಾಕಲಿಲ್ಲ. "ತಡೆಯೋಕಾಗಲ್ಲ ಅನ್ಸಿದ್ರೆ ಎರಡು ಸಲ ಮಾಡು. ಎರಡನೇ ರಿಂಗ್ ನನಗೆ ಕೇಳುತ್ತೆ, ಎದ್ದೇ ಏಳ್ತೀನಿ" ಎಂದು ಅವನಿಗೆ ಹೇಳಿದೆ. ಇದನ್ನು ಹೇಳದೆ ಸೆಟ್ಟಿಂಗ್ ಮಾತ್ರ ಮಾಡಿದ್ದರೆ ಹಳೆಯ ಸ್ವಿಚ್ ಆಫ್ ಉಪಾಯಕ್ಕೂ ಇದಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ಎಲ್ಲ ಫೋನುಗಳಲ್ಲೂ ಇದು ಒಂದೇ ಜಾಗದಲ್ಲಿರುವುದಿಲ್ಲ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಮಾಡಿಸಿ, ಹಗಲಲ್ಲೇ ಇನ್ನೊಂದು ಫೋನಿನಿಂದ ಎರಡು ಸಲ ಮಾಡಿ ಪರೀಕ್ಷಿಸಿ ನೋಡಿ.

ಅವನು ಒಮ್ಮೆಗೇ ಬದಲಾದನೇ? ಇಲ್ಲ. ಮೊದಲ ಹದಿನೈದು ದಿನದಲ್ಲಿ ಮೂರು ಸಲ ಎರಡನೇ ರಿಂಗು ಬಂತು. ಮೂರೂ ತಮ್ಮನ ವಿಷಯವೇ. ನಾನು ಸಿಟ್ಟಾಗಲಿಲ್ಲ, ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಂತುಕೊಂಡೇ, "ಕೇಳಿಸ್ಕೊಂಡೆ. ಮೈ ಹುಷಾರಾಗಿದೀಯಾ? ಹಾಗಾದ್ರೆ ಡೈರಿಗೆ ಹಾಕು, ನಾಳೆ ಇದನ್ನೇ ಮೊದಲು ತಗೊಳ್ಳೋಣ" ಎಂದು ಎರಡು ನಿಮಿಷಕ್ಕೆ ಮುಗಿಸಿದೆ. ಇಲ್ಲಿ ಒಂದು ಸಲ ಸಡಿಲ ಬಿಟ್ಟು ನಲವತ್ತು ನಿಮಿಷ ಕೇಳಿಸಿಕೊಂಡು, ಇನ್ನೊಂದು ಸಲ ರೇಗಿದರೆ ಗೆಳೆಯನಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ. ನಾಲ್ಕನೇ ವಾರದಿಂದ ಅದು ನಿಂತಿತು.

"ಮೈ ಹುಷಾರಾಗಿದೀಯಾ" ಎಂದು ಕೇಳುವಾಗ ನಾನು ಮಂಡಿಯನ್ನಷ್ಟೇ ಕೇಳುತ್ತಿರಲಿಲ್ಲ. ಸಂಗಾತಿಯನ್ನು ಕಳೆದುಕೊಂಡು ಒಂಟಿಯಾದವರು ಗೊಣಗುತ್ತಿರುವವರೆಗೆ ನನಗೆ ಅಷ್ಟು ಭಯವಿಲ್ಲ. ಗೊಣಗುವುದನ್ನು ಬಿಟ್ಟು "ನಾನಿದ್ದು ಯಾರಿಗೇನು" ಎನ್ನತೊಡಗಿದರೆ, ಇದ್ದಕ್ಕಿದ್ದ ಹಾಗೆ ಒಡವೆ ಪುಸ್ತಕ ಹಂಚತೊಡಗಿದರೆ, ಕೊನೆಯ ಮಾತಿನ ಹಾಗೆ ಥ್ಯಾಂಕ್ಸ್ ಹೇಳಿದರೆ, ಆಗ ಗಂಟೆಯ ಕಟ್ಟಳೆ ಇಲ್ಲ. "ಸಾಯ್ಬೇಕು ಅಂತ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದ್ದರಿಂದಲೇ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಹೌದು ಎಂದರೆ ಫೋನು ಇಡದೆ, ಇನ್ನೊಂದು ಫೋನಿನಿಂದ ಪಕ್ಕದವರನ್ನು ಅವರ ಬಳಿಗೆ ಕಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಜೀವಕ್ಕೆ ಆಗಲೇ ಅಪಾಯವಿದ್ದರೆ 112. ಹಿರಿಯರಿಗೆಂದೇ ಇರುವ 14567 ಹಗಲಿನದು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ತಮ್ಮನ ಪಾಲಿನ ಬಗ್ಗೆ ಏನು ಮಾಡಬಹುದು ಎಂದು ಮೂರ್ತಿ ಮೊದಲು ವಿಚಾರಿಸಿದ್ದು ಅಲ್ಲೇ, ಆಮೇಲೆ ಒಬ್ಬ ವಕೀಲರ ಬಳಿ. ಆ ವ್ಯಾಜ್ಯ ಇನ್ನೂ ಮುಗಿದಿಲ್ಲ ಬಿಡಿ.

ಏಳೂವರೆಯ ಫೋನಿನಲ್ಲಿ ಈಗ ದೂರು ಹತ್ತು ನಿಮಿಷ, ಉಳಿದ ಹೊತ್ತು ಬೇರೆ. ಕ್ರಿಕೆಟ್ಟು, ಪೆನ್ಷನ್ನು, ಸಾರಿನ ಪುಡಿ. ಕೊನೆಯಲ್ಲಿ "ನಾಳೆ ತಿಂಡಿ ಏನೋ?" ಎಂದು ನಾನು ಕೇಳುತ್ತೇನೆ. ಮೊದಲ ಸಲ ಕೇಳಿದಾಗ ಅವನು ಸ್ವಲ್ಪ ತಡೆದು "ಅವಲಕ್ಕಿ ನೆನೆಹಾಕ್ತೀನಿ" ಎಂದ. ಈಗ ನಾನು ಕೇಳುವ ಮುಂಚೆಯೇ ಹೇಳುತ್ತಾನೆ.

ಹೋದ ವರ್ಷದ ಮಳೆಗಾಲ, ಜೋರು ಮಳೆಯ ಒಂದು ರಾತ್ರಿ. ಹನ್ನೊಂದೂ ಇಪ್ಪತ್ತಕ್ಕೆ ಫೋನು ಸದ್ದಾಯಿತು. ಎರಡನೇ ರಿಂಗು. ತಿಂಗಳುಗಟ್ಟಲೆ ಅದು ಬಂದಿರಲಿಲ್ಲವಾದ್ದರಿಂದ ಎದೆ ಹೊಡೆದುಕೊಂಡಿತು. "ಹೇಳೋ, ಹುಷಾರಾಗಿದೀಯಾ?" ಎಂದೆ.

"ಹುಷಾರಾಗಿದೀನಿ ಕಣೋ. ಪಂಚಾಂಗದ ಪ್ರಕಾರ ತಿಥಿ ಮುಂದಿನ ವಾರ. ಆದ್ರೆ ತಾರೀಖು ಇವತ್ತೇ. ಎರಡು ವರ್ಷ ಆಯ್ತು. ಯಾರಿಗೂ ನೆನಪಿರ್ಲಿಲ್ಲ. ಡೈರಿಗೆ ಬರೆಯೋಕೆ ಹೋದೆ, ಆಗ್ಲಿಲ್ಲ."

ನನಗೂ ನೆನಪಿರಲಿಲ್ಲ. ಸಂಜೆ ಏಳೂವರೆಗೆ ಅರ್ಧ ಗಂಟೆ ಕ್ರಿಕೆಟ್ ಮಾತಾಡಿದ್ದೆವು, ಅವನು ಒಂದು ಮಾತೂ ಹೇಳಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಹೆಂಡತಿಯೂ ಎದ್ದು ಬಂದಳು, ಅವಳೂ ಮಾತಾಡಿದಳು. ಆ ರಾತ್ರಿ ಫೋನು ಇಟ್ಟಾಗ ಗಂಟೆ ಎಷ್ಟಾಗಿತ್ತೋ ನೋಡಲಿಲ್ಲ.

ಬೆಳಿಗ್ಗೆ ಏಳಕ್ಕೆ ನಾನೇ ಮಾಡಬೇಕೆಂದಿದ್ದೆ, ಅಷ್ಟರಲ್ಲಿ ಅವನದೇ ಬಂತು. "ಎರಡು ಸಲ ಮಾಡಿದ್ದು ತಪ್ಪಾಯ್ತೇನೋ?"

"ಅದಕ್ಕೇ ಅಲ್ವೇನೋ ಇಟ್ಟಿದ್ದು" ಎಂದೆ.

"ಮಾತ್ರೆ ತಗೊಂಡ್ಯಾ?"

"ಒಂದೇ ತಗೊಂಡೆ."

ಮುಂದಿನ ವರ್ಷದ ಹೊಸ ಡೈರಿ ಬಂದ ಕೂಡಲೇ ಆ ತಾರೀಖಿಗೆ ಗುರುತು ಹಾಕಿಟ್ಟಿದ್ದೇನೆ. ಆ ದಿನ ಸಂಜೆಯ ಬಸ್ಸಿಗೆ ಹಾಸನಕ್ಕೆ ಹೋಗುವುದೆಂದು ಹೆಂಡತಿಯೂ ನಾನೂ ಮಾತಾಡಿಕೊಂಡಿದ್ದೇವೆ. ಅವನಿಗಿನ್ನೂ ಹೇಳಿಲ್ಲ.